ಒಂದು ಕೆಲಸಕ್ಕೆ ಒಂದು ಕಾಗದ

*ಮಾನ್ಯ ಸಂಪಾದಕರೇ, ಮೂರು ವರ್ಷ ಜೊತೆಗಿದ್ದ ಹುಡುಗನಿಂದ ಏಪ್ರಿಲ್‌ನಲ್ಲಿ ದೂರವಾದೆ. ದೊಡ್ಡ ಜಗಳವೇನೂ ಆಗಿಲ್ಲ, ಅವನು ಹೆದರಿಸಿಯೂ ಇಲ್ಲ. ಆದರೆ ನಮ್ಮ ಫೋಟೊ, ಚಾಟ್ ಎಲ್ಲ ಅವನ ಫೋನಿನಲ್ಲಿವೆ ಅನ್ನೋದು ನೆನಪಾದರೆ ನಿದ್ದೆ ಬರೋದಿಲ್ಲ. ಅಳಿಸು ಅಂತ ಕೇಳಿ ನಾಲ್ಕು ಪುಟ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ಗೆಳತಿ ‘ಕಾಗದ ಗೀಗದ ಬೇಡ, ವಕೀಲರ ನೋಟಿಸ್ ಕೊಡಿಸು’ ಅನ್ನುತ್ತಾಳೆ. ನಾನು ಬರೆದದ್ದನ್ನೂ ಅವನ ಕೆಲವು ಚಾಟ್‌ಗಳ ಸ್ಕ್ರೀನ್‌ಶಾಟನ್ನೂ ಲಗತ್ತಿಸಿದ್ದೇನೆ. ನೋಡಿ ಹೇಳಿ.*
*– ಹೆಸರು ಬೇಡ, ಗಂಗಾವತಿ*

ತಂಗಿ, ನಿಮ್ಮ ನಾಲ್ಕು ಪುಟವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೈಯಲ್ಲಿ ಕೆಂಪು ಪೆನ್ನು ಇತ್ತು. ‘ಯಾಕೆ’ ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ‘ಫೋಟೊ’ ಅನ್ನುವ ಮಾತು ಮೊದಲು ಕಾಣಿಸಿದ್ದು ಮೂರನೆಯ ಪುಟದ ಕೊನೆಯಲ್ಲಿ. ಅಲ್ಲಿಯವರೆಗೆ ಓದುವಷ್ಟು ತಾಳ್ಮೆ ಆ ಹುಡುಗನಿಗೆ ಇದ್ದಿದ್ದರೆ ನೀವಿಬ್ಬರೂ ಬೇರೆ ಆಗುತ್ತಿರಲಿಲ್ಲವೇನೋ!

ನಿಮ್ಮ ಗೆಳತಿಯ ಮಾತು ತಪ್ಪಲ್ಲ. ನೋಟಿಸಿಗೂ ಒಂದು ಕಾಲ ಇದೆ, ಅದು ಬಂದರೆ ಕೊಡಿಸಿ. ಆದರೆ ಈಗಲೇ ಕೊಡಿಸಿದರೆ, ಹೆದರಿಸದೇ ಇದ್ದ ಹುಡುಗ ಮೊದಲು ಮಾಡುವ ಕೆಲಸ ತಾನೂ ಒಬ್ಬ ವಕೀಲರನ್ನು ಹುಡುಕುವುದು. ಆ ವಕೀಲರು ಹೇಳುವ ಮೊದಲ ಮಾತು ‘ಏನನ್ನೂ ಅಳಿಸಬೇಡ, ನಾಳೆ ಬೇಕಾಗಬಹುದು’. ಅಳಿಸು ಅಂತ ಕೇಳಲು ಹೋಗಿ ಭದ್ರವಾಗಿ ಇಡಿಸಿದ ಹಾಗಾಯಿತು.

ಇನ್ನೊಂದು ಸಂಗತಿ ಗೊತ್ತಿರಲಿ. ಒಪ್ಪಿಗೆಯಿಂದ ತೆಗೆದ ಫೋಟೊವನ್ನು ಒಬ್ಬ ತನ್ನ ಫೋನಿನಲ್ಲಿ ಸುಮ್ಮನೆ ಇಟ್ಟುಕೊಂಡಿದ್ದರೆ, ‘ಅಳಿಸು’ ಅಂತ ಹಿಡಿದು ಕೇಳುವ ನೇರ ಕಾನೂನು ನಮ್ಮಲ್ಲಿಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆ ಕಂಪನಿಗಳನ್ನು ಪ್ರಶ್ನಿಸುತ್ತದೆ. ಒಬ್ಬ ಮನುಷ್ಯ ಸ್ವಂತಕ್ಕೆ, ಮನೆಮಟ್ಟಿಗೆ ಇಟ್ಟುಕೊಂಡದ್ದನ್ನು ಅದು ಮುಟ್ಟುವುದಿಲ್ಲ. ಕಾನೂನು ಏಳುವುದು ಫೋಟೊ ಹೊರಗೆ ಹೋದಾಗ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆ ನೋಡಿ: ಖಾಸಗಿ ಚಿತ್ರ ತೆಗೆಯಲು ಹೆಣ್ಣುಮಗಳು ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚಿದ್ದು ಅಪರಾಧ. ಅಂದರೆ ಹಂಚುವ ಮೊದಲಿನ ಈ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಧನ ಕಾಗದವೇ. ನಾನು ಇಪ್ಪತ್ತು ವರ್ಷದಿಂದ ಕಾಗದ ಕಾಗದ ಅಂತ ಬಡಕೊಳ್ಳುವುದು ಸುಮ್ನೆ ಅಲ್ಲ.

ರಾಯಚೂರಿನಲ್ಲಿ ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಒಂದು ನಿಶ್ಚಿತಾರ್ಥ ಮುರಿಯಿತು. ನಾಲ್ಕು ಜನ ಹಿರಿಯರು ಜಮಖಾನೆ ಮೇಲೆ ಕೂತು ಎರಡೂ ಕಡೆಯ ಸಾಮಾನು ಎಣಿಸಿ ಒಪ್ಪಿಸಿದರು. ಎಲ್ಲ ಮುಗಿಯಿತು ಅನ್ನುವಾಗ ಬಾಗಿಲ ಹಿಂದಿನಿಂದ ನಮ್ಮಜ್ಜಿ ಕೇಳಿದಳು: “ಸೀರಿ ಬಂತು, ಉಂಗುರ ಬಂತು. ಆ ಕರೇ ರೀಲ್ ಎಲ್ಲ್ಯದ?” ನೆಗೆಟಿವ್! ಗಂಡಸರು ಯಾರಿಗೂ ಅದು ಹೊಳೆದಿರಲಿಲ್ಲ. ಸಂಜೆಗೆ ಸ್ಟುಡಿಯೋದವರು ಖಾಕಿ ಲಕೋಟೆ ತಂದರು. ಅಕ್ಷರ ಬಾರದ ಅಜ್ಜಿ ಒಂದೊಂದೇ ಪಟ್ಟಿಯನ್ನು ಬಲ್ಬಿಗೆ ಹಿಡಿದು ಬೆರಳು ಮಡಚಿ ಎಣಿಸಿದಳು. “ಇಷ್ಟ ಏನ್ರಿ?” “ಇಷ್ಟೇ ರೀ ಅವ್ವಾ.” ಲಕೋಟೆ ಹಂಡೆ ಒಲೆಗೆ ಹೋಯಿತು. ಆ ಸುಟ್ಟ ವಾಸನೆ ನನಗೆ ಈಗಲೂ ನೆನಪಿದೆ.

ನೋಡಿ, ಆಗಲೂ ‘ಇಷ್ಟೇ’ ಅನ್ನುವ ಮಾತನ್ನು ನಂಬಲೇಬೇಕಿತ್ತು. ಆದರೆ ಅಜ್ಜಿ ಕೇಳಬೇಕಾದದ್ದನ್ನು ಹೆಸರು ಹಿಡಿದು ಕೇಳಿದಳು. ‘ಯಾಕೆ ಮುರಿದಿರಿ’ ಅಂತ ಅವತ್ತು ಒಂದು ಮಾತು ಆಡಲಿಲ್ಲ. ಒಂದು ಕೆಲಸಕ್ಕೆ ಒಂದು ಕಾಗದ. ನಿಮ್ಮ ಹನ್ನೊಂದು ‘ಯಾಕೆ’ಗಳಿಗೆ ಇನ್ನೊಂದು ಕಾಗದ ಬರೆಯಿರಿ, ಬರೆದು ಹರಿದು ಹಾಕಿ. ಅವು ಇದರಲ್ಲಿ ಇದ್ದರೆ ಅವನು ಅವಕ್ಕೇ ಉತ್ತರ ಬರೆಯುತ್ತಾನೆ. ಫೋಟೊ ಮಾತು ಅಲ್ಲೇ ಉಳಿಯುತ್ತದೆ.

ಇಂದಿನ ಕರೇ ರೀಲ್ ಎಲ್ಲೆಲ್ಲಿ ಇರುತ್ತದೆ ಅನ್ನೋದು ನಿಮಗೆ ತಿಳಿದಿರಬೇಕು. ವಾಟ್ಸಾಪಿನಲ್ಲಿ ನೀವು ಕಳಿಸಿದ್ದನ್ನು ಅವನ ಕಡೆಯಿಂದಲೂ ತೆಗೆಯುವ Delete for everyone ಸುಮಾರು ಎರಡೂವರೆ ದಿನದವರೆಗೆ ಮಾತ್ರ ನಡೆಯುತ್ತದೆ. ಮೂರು ವರ್ಷದ ಹಿಂದಿನದಕ್ಕೆ ನಿಮ್ಮ ಕೈ ಮುಟ್ಟುವುದಿಲ್ಲ. ಅವನನ್ನು ಬ್ಲಾಕ್ ಮಾಡಿದರೂ ಹಳೆಯದು ಅಲ್ಲೇ ಇರುತ್ತದೆ. ಅವನೇ ಚಾಟ್ ಅಳಿಸಿದರೂ ಫೋಟೊ ಗ್ಯಾಲರಿಯಲ್ಲಿ ಉಳಿಯಬಹುದು. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆದದ್ದನ್ನು ಅಲ್ಲಿಂದ ತೆಗೆದರೂ ಅದರ ಟ್ರ್ಯಾಶ್‌ನಲ್ಲಿ 60 ದಿನ ಕೂತಿರುತ್ತದೆ. ಚಾಟಿನ ಬ್ಯಾಕಪ್ ಗೂಗಲ್ ಖಾತೆಯಲ್ಲಿ ಬೇರೆ ಇರುತ್ತದೆ. ಅಳಿಸಿದ ಮೇಲೆ ಹೊಸದಾಗಿ ಒಂದು ಬ್ಯಾಕಪ್ ತೆಗೆದರೆ ಹಳೆಯದರ ಜಾಗಕ್ಕೆ ಅದು ಬರುತ್ತದೆ. ಇದನ್ನು ಮರೆತರೆ ಮುಂದೆ ಅವನು ಹೊಸ ಫೋನು ಕೊಂಡ ದಿನ ಎಲ್ಲ ಮತ್ತೆ ಎದ್ದು ಬರಬಹುದು, ಅವನಿಗೇ ಬೇಡವಾಗಿದ್ದರೂ.

ಹಾಗಾಗಿ ‘ಎಲ್ಲ ಡಿಲೀಟ್ ಮಾಡು’ ಅಂದರೆ ಸಾಲದು. ಅವನು ಚಾಟ್ ಅಳಿಸಿ, ಪ್ರಾಮಾಣಿಕವಾಗಿಯೇ, ಆಯ್ತು ಅಂತ ಬರೆಯಬಹುದು. ನಿಮ್ಮ ನಾಲ್ಕು ಪುಟ ಇಷ್ಟಾದರೆ ಸಾಕು:

*‘ಇದನ್ನು ಒಂದೇ ಕೆಲಸಕ್ಕೆ ಬರೆಯುತ್ತಿದ್ದೇನೆ. ನಮ್ಮಿಬ್ಬರ ಫೋಟೊ, ವಿಡಿಯೊ, ನಾನು ನಿನಗೆ ಕಳಿಸಿದ ನನ್ನ ಫೋಟೊ ಮತ್ತು ವಾಯ್ಸ್ ಮೆಸೇಜ್, ನಮ್ಮ ಚಾಟ್, ಇವು ನಿನ್ನ ಹತ್ತಿರ ಇರುವುದಕ್ಕಾಗಲಿ, ಯಾರಿಗಾದರೂ ತೋರಿಸುವುದಕ್ಕಾಗಲಿ ಈಗ ನನ್ನ ಒಪ್ಪಿಗೆ ಇಲ್ಲ. ಬರುವ ಭಾನುವಾರದೊಳಗೆ ಅಳಿಸು. ಫೋನಿನ ಗ್ಯಾಲರಿ, ವಾಟ್ಸಾಪ್, ಅದರ ಬ್ಯಾಕಪ್, ಗೂಗಲ್ ಫೋಟೋಸ್, ಅದರ ಟ್ರ್ಯಾಶ್, ಲ್ಯಾಪ್‌ಟಾಪ್, ಎಲ್ಲ ಕಡೆಯಿಂದಲೂ. ಯಾರಿಗಾದರೂ ಕಳಿಸಿದ್ದರೆ ಅವರಿಂದಲೂ ತೆಗೆಸು. ಗೆಳೆಯರೆಲ್ಲ ಇರುವ ಫೋಟೊ ಇದರಲ್ಲಿ ಸೇರಿಲ್ಲ. ನನ್ನ ಹತ್ತಿರ ಇರುವ ನಿನ್ನವನ್ನು ಅದೇ ದಿನ ನಾನೂ ಅಳಿಸುತ್ತೇನೆ. ಆದ ಮೇಲೆ “ಎಲ್ಲ ಕಡೆ ಅಳಿಸಿದೆ” ಅಂತ ಒಂದು ಸಾಲು ಬರೆ.’*

‘ದಯವಿಟ್ಟು’ ಇಲ್ಲ ಅಂತ ನೋಡಬೇಡಿ. ಬೇಕಾದರೆ ಒಂದು ಸೇರಿಸಿ, ಎರಡನೆಯದು ಬೇಡ. ನಿಮ್ಮ ಕರಡಿನಲ್ಲಿ ಅವನು ಏಕಾಏಕಿ ‘ನೀವು’ ಆಗಿದ್ದಾನೆ. ಮೂರು ವರ್ಷ ‘ನೀನು’ ಅಂದವನಿಗೆ ‘ನೀವು’ ಅಂದರೆ ಮರ್ಯಾದೆ ಅನಿಸುವುದಿಲ್ಲ, ಕಪಾಳಕ್ಕೆ ಹೊಡೆದಂತೆ ಅನಿಸುತ್ತದೆ. ‘ನೀನು’ ಇರಲಿ. ‘ಇವತ್ತೇ’ ಅನ್ನುವುದರ ಬದಲು ಭಾನುವಾರ ಅಂದದ್ದು ಯಾಕೆ ಅಂದರೆ ಇಷ್ಟೆಲ್ಲ ಹುಡುಕಿ ತೆಗೆಯಲು ಒಂದು ರಜೆ ಬೇಕು. ಗೆಳೆಯರ ಫೋಟೊ ಬಿಟ್ಟದ್ದಕ್ಕೂ ಕಾರಣವಿದೆ. ನೀವು ಹೇಳಿದ ಆ ಸಾಣಾಪುರದ ಕೆರೆಯ ಫೋಟೊದಲ್ಲಿ ಆರು ಜನ ಇದ್ದೀರಿ, ಅದು ನಿಮ್ಮೊಬ್ಬರದಲ್ಲ. ಅದನ್ನೂ ಕೇಳಿದರೆ ಅವನಿಗೆ ವಾದ ಹೂಡಲು ಒಂದು ನ್ಯಾಯವಾದ ದಾರಿ ಸಿಗುತ್ತದೆ.

ಒಂದು ಸಣ್ಣ ತಂತ್ರ. ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ! ಚಾಟ್ ಅಳಿಸಿದ ದಿನ ನಿಮ್ಮ ಕಾಗದವೂ ಅವನ ಉತ್ತರವೂ ಅದರ ಜೊತೆಗೇ ಹೋಗುತ್ತವೆ. ಇಮೇಲ್ ಮಾಡಿ. ಅದರಲ್ಲಿ ದಿನಾಂಕ ಉಳಿಯುತ್ತದೆ, ‘ಒಪ್ಪಿಗೆ ಇಲ್ಲ’ ಅನ್ನುವ ನಿಮ್ಮ ಮಾತೂ ಉಳಿಯುತ್ತದೆ. ಮುಂದೆ ಎಂದಾದರೂ ಫೋಟೊ ಹೊರಗೆ ಬಂದರೆ ಪೊಲೀಸರ ಮುಂದೆ ಇಡಲು ನಿಮ್ಮ ಹತ್ತಿರ ಇರುವ ಮೊದಲ ಹಾಳೆ ಇದೇ.

ಅಳಿಸಿದನೋ ಇಲ್ಲವೋ ಅಂತ ನೋಡುವ ಬಗೆ? ಇಲ್ಲ. ಖಾಲಿ ಗ್ಯಾಲರಿಯ ಸ್ಕ್ರೀನ್‌ಶಾಟ್ ಕೇಳಬೇಡಿ, ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅವನ ಫೋನು, ಪಾಸ್‌ವರ್ಡ್ ಕೇಳಬೇಡಿ. ನಿಮ್ಮ ಕಡೆ ಮಾತ್ರ ಒಂದು ನೋಡಿಕೊಳ್ಳಿ: ನಿಮ್ಮ ವಾಟ್ಸಾಪಿನ Linked devices ತೆರೆದು, ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಭಾನುವಾರ ದಾಟಿಯೂ ಉತ್ತರ ಬಾರದಿದ್ದರೆ ಎರಡು ಸಾಲಿನ ಒಂದು ನೆನಪೋಲೆ. ಮೂರನೆಯದು ಬೇಡ, ಆಗ ನಿಮ್ಮ ಗೆಳತಿ ಹೇಳಿದ ವಕೀಲರ ಹತ್ತಿರ ಹೋಗಿ.

ಇದೆಲ್ಲ ಅವನು ಹೆದರಿಸಿಲ್ಲ ಅನ್ನುವವರೆಗೆ. ‘ಮನೆಗೆ ಕಳಿಸ್ತೀನಿ ನೋಡು’ ಅನ್ನುವ ಒಂದು ಸಾಲು ಬಂದರೂ ಈ ಕಾಗದ ಕೆಲಸಕ್ಕೆ ಬಾರದು. ಆಗ ಅಳಿಸು ಅನ್ನಬೇಡಿ, ನೀವೂ ಏನನ್ನೂ ಅಳಿಸಬೇಡಿ, ಆ ಚಾಟೇ ಸಾಕ್ಷಿ. cybercrime.gov.in ನಲ್ಲಿ ದೂರು ಕೊಡಿ. ಖಾಸಗಿ ಚಿತ್ರವನ್ನು ಎಲ್ಲಾದರೂ ಹಾಕಿದ್ದರೆ, ನೀವು ಆ ಜಾಲತಾಣದವರಿಗೇ ದೂರು ಕೊಟ್ಟ ಎರಡು ಗಂಟೆಯೊಳಗೆ ಅವರು ತೆಗೆಯಬೇಕು ಅಂತ 2026ರಲ್ಲಿ ತಿದ್ದುಪಡಿಯಾದ 2021ರ ಐಟಿ ನಿಯಮಗಳು ಹೇಳುತ್ತವೆ.

ಈಗ ನನ್ನ ಹಳೇ ಗೋಳು. ನಮ್ಮ ಹಿರಿಯರಿಗೆ ಜಮಖಾನೆ ಹಾಸಿ ಲೆಕ್ಕ ಮುಗಿಸುವುದು ಗೊತ್ತಿತ್ತು. ಆದರೆ ನಿಮ್ಮ ಮೂರು ವರ್ಷವನ್ನು ನೀವು ಅವರಿಗೆ ಹೇಳುವ ಹಾಗಿರಲಿಲ್ಲ. ಕೊಪ್ಪಳದ ಜಾತ್ರೆಯಲ್ಲಿ ಇಬ್ಬರು ಜೊತೆಗೆ ಮಿರ್ಚಿ ತಿಂದದ್ದು ಕಂಡರೂ ಸಾಕು, ಸಂಜೆಗೆ ಮನೆಗೆ ಸುದ್ದಿ ಮುಟ್ಟಿಸುವ ಊರು ನಮ್ಮದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಕೇಳಲು ಹೋದವರು ಕನ್ನಡಿಗರು, ಆದರೆ ನಮ್ಮ ಭಾಷೆಯಲ್ಲಿ ‘ಖಾಸಗಿ’ ಅಂದರೆ ಇನ್ನೂ ಖಾಸಗಿ ಬಸ್ಸು, ಖಾಸಗಿ ಶಾಲೆ ಅಷ್ಟೇ! ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಬಾಯಿಗೆ ಕ್ಯಾಮೆರಾ ಹಿಡಿಯುತ್ತಾರೆ, ಆಸ್ಪತ್ರೆಯಲ್ಲಿ ಮಲಗಿದವರನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಯಾರನ್ನೂ ಕೇಳುವುದಿಲ್ಲ. ಹಿರಿಯರ ಜಾಗಕ್ಕೆ ಈಗ ಐದು ಜನ ಗೆಳೆಯರ ಗ್ರೂಪ್ ಬಂದಿದೆ. ಸಲಹೆ ಕೇಳಲು ಸ್ಕ್ರೀನ್‌ಶಾಟ್ ಹಾಕುತ್ತೀರಿ, ಅಲ್ಲಿಗೆ ಒಂದು ಪ್ರತಿ ಐದು ಆಯಿತು.

ಬೈಯುತ್ತೇನೆ ಅಂದುಕೊಳ್ಳಬೇಡಿ ತಂಗಿ, ಆದರೆ ನೀವು ನನಗೂ ಅದನ್ನೇ ಕಳಿಸಿದ್ದೀರಿ. ಅವನು ನಿಮಗೊಬ್ಬರಿಗೇ ಅಂತ ಬರೆದ ಏಳು ಚಾಟ್, ಅವನ ಹೆಸರು, ನಂಬರು ಸಮೇತ. ಅವನ ಒಪ್ಪಿಗೆ ಕೇಳಿದ್ದಿರಾ? ಕೇಳಿಲ್ಲ ಅಲ್ವಾ. ನಾನು ಮೊದಲ ಸ್ಕ್ರೀನ್‌ಶಾಟ್ ತೆರೆದೊಡನೆ ಏನೆಂದು ತಿಳಿದು ಉಳಿದ ಆರನ್ನು ತೆರೆಯಲಿಲ್ಲ. ಕಚೇರಿಯ ಮೇಲ್‌ನಿಂದ ತೆಗೆದೆ, ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಎಲ್ಲ ಆಯಿತು ಅಂತ ನಿಮಗೆ ಬರೆಯಲು ಕೂತಾಗ ನೆನಪಾಯಿತು: ನಿಮ್ಮ ಪತ್ರವನ್ನು ಟೈಪ್ ಮಾಡಲು ಡಿಟಿಪಿ ಹುಡುಗನಿಗೆ ಮೇಲ್ ಕಳಿಸಿದ್ದೆ, ಲಗತ್ತಿನ ಸಮೇತ. ಅವನು ಇವತ್ತು ಸಿಂಧನೂರಿಗೆ ಹೋಗಿದ್ದಾನೆ. ನಾಳೆ ಬೆಳಗ್ಗೆ ಅವನ ಪಕ್ಕ ಕೂತು ತೆಗೆಸಿ, ‘ಎಲ್ಲ ಕಡೆ ಅಳಿಸಿದೆ’ ಅಂತ ನಿಮಗೆ ಒಂದು ಸಾಲು ಬರೆಯುತ್ತೇನೆ.