ಹದಿನೈದು ಸಾವಿರವೂ ಆರು ಸಾವಿರವೂ

ಡಿಸೆಂಬರ್‌ನ ಒಂದು ಮಧ್ಯಾಹ್ನ ಎಲೆಕ್ಟ್ರಾನಿಕ್ಸ್ ವಿಭಾಗದ ಕೊನೆಯ ವರ್ಷದ ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದಳು. ಅವಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಬೆನ್ನಿಗೆ ಪೆಟ್ಟಾಗಿ ನಾಲ್ಕು ತಿಂಗಳಿಂದ ಮನೆಯಲ್ಲಿದ್ದರು. ತಮ್ಮ ಪಿಯುಸಿ ಓದುತ್ತಿದ್ದ. ಅಮ್ಮ ಸಂಘದಲ್ಲಿ ಸಾಲ ಮಾಡಿದ್ದರು, ಅದರ ಕಂತು ತಿಂಗಳು ತಿಂಗಳೂ ಕಟ್ಟಲೇಬೇಕು. ಹುಡುಗಿ ಬಿಸಿಎಂ ಹಾಸ್ಟೆಲ್‌ನಲ್ಲಿದ್ದಳು.

"ಮೇಡಂ, ಜೂನ್‌ವರೆಗೂ ತಿಂಗಳಿಗೆ ಐದು ಸಾವಿರ ಮನೆಗೆ ಕಳಿಸಬೇಕು. ಕಾಲೇಜು ಬಿಡೋದೋ, ಇಂಟರ್ನ್‌ಶಿಪ್‌ಗೆ ಹೋಗೋದೋ ಗೊತ್ತಾಗ್ತಿಲ್ಲ," ಅಂದಳು. ಕೈಯಲ್ಲಿ ಒಂದು ನೋಟ್‌ಬುಕ್. ಎಲ್ಲೆಲ್ಲಿಂದ ದುಡ್ಡು ಬರಬಹುದು ಎಂದು ಅದರಲ್ಲಿ ಪಟ್ಟಿ ಮಾಡಿದ್ದಳು. ನಾವಿಬ್ಬರೂ ಆ ಪಟ್ಟಿ ಹಿಡಿದೇ ಕೂತೆವು.

ಮೊದಲ ಸಾಲಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ನೆರವು ಇತ್ತು. ಅವಳ ತಂಡ ಅದಕ್ಕೆ ಅರ್ಜಿ ಹಾಕಿತ್ತು. ತನ್ನ ಪಾಲು ಇಷ್ಟು ಎಂದು ಬರೆದುಕೊಂಡಿದ್ದಳು. ಅದನ್ನು ಹೊಡೆದು ಹಾಕಲು ಹೇಳಿದೆ. ಆ ಹಣ ಸೆನ್ಸರ್, ಬೋರ್ಡು, ಬಿಡಿಭಾಗಗಳಿಗೆ. ಕಾಲೇಜಿನ ಮೂಲಕ ಬರುತ್ತದೆ, ಖರ್ಚಿಗೆ ಬಿಲ್ ಇಡಬೇಕು. ಪ್ರಾಜೆಕ್ಟ್ ಮಾಡುವಾಗ ಕೈಯಿಂದ ಹೋಗುವ ದುಡ್ಡು ಅದರಿಂದ ಉಳಿಯುತ್ತದೆ ನಿಜ, ಆದರೆ ಮನೆಗೆ ಕಳಿಸಲು ಅದರಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ. ಈ ತಪ್ಪು ಎಣಿಕೆಯನ್ನು ಪ್ರತಿ ವರ್ಷ ನೋಡುತ್ತೇನೆ.

ಫೆಲೋಶಿಪ್ ಅಂತ ಬರೆದ ಸಾಲೂ ಈ ಜೂನ್‌ಗೆ ಒದಗುವುದಲ್ಲ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ, ಆದರೆ ಅದು ಮುಂದಿನ ಮಾತು.

ಉಳಿದವು ಮೂರು. ಅದರಲ್ಲಿ ಒಂದು, "ಇಂಟರ್ನ್‌ಶಿಪ್ ಪ್ಲಸ್ ಪ್ರಾಜೆಕ್ಟ್" ಎನ್ನುವ ಪತ್ರ. ಸಂದರ್ಶನವಿಲ್ಲ. ಫಾರಂ ತುಂಬಿದ ಹತ್ತೇ ನಿಮಿಷಕ್ಕೆ ಆಯ್ಕೆಯಾಗಿದ್ದಳು. ಸ್ಟೈಪೆಂಡ್ "ಹತ್ತು ಸಾವಿರದವರೆಗೆ, ಕೆಲಸ ನೋಡಿಕೊಂಡು". ಅದಕ್ಕೂ ಮೊದಲು ನೋಂದಣಿಗೆ 5,500 ಕಟ್ಟಬೇಕು, ಅದೂ ಯಾರದೋ ಸ್ವಂತ ಯುಪಿಐಗೆ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್ ಇದೆ. ಸರ್ಟಿಫಿಕೇಟ್ ಇಲ್ಲದೆ ಆಗುವುದಿಲ್ಲ ಎಂಬ ಭಯ ಮಕ್ಕಳಿಗಿದೆ. ಆ ಭಯವನ್ನೇ ಮಾರಿಕೊಳ್ಳುವ ಅಂಗಡಿಗಳಿವೆ. ಇದು ನಿಜವೋ ಅಲ್ಲವೋ ತಿಳಿಯಲು ಒಂದೇ ಮೇಲ್ ಬರೆಸಿದೆ: ನನಗೆ ಕೆಲಸ ಹೇಳುವವರು ಯಾರು, ಮೊದಲ ವಾರ ಏನು ಕೆಲಸ, ಸ್ಟೈಪೆಂಡ್ ಯಾವ ತಾರೀಖಿಗೆ ಬರುತ್ತದೆ? ಉತ್ತರವಾಗಿ ಬಂದದ್ದು "ಇವತ್ತೇ ಕೊನೆಯ ದಿನ, ಬೇಗ ಕಟ್ಟಿ" ಎನ್ನುವ ಫೋನ್. ಆ ಸಾಲೂ ಹೋಯಿತು.

ಈಗ ನಿಜವಾದ ಗೊಂದಲಕ್ಕೆ ಬಂದೆವು. ಬೆಂಗಳೂರಿನ ಒಂದು ಸಣ್ಣ ಕಂಪನಿ ಪರೀಕ್ಷೆ, ಸಂದರ್ಶನ ಎರಡೂ ಮಾಡಿ ಕರೆದಿತ್ತು. ಜನವರಿಯಿಂದ ಜೂನ್, ತಿಂಗಳಿಗೆ 15,000. ಇನ್ನೊಂದು, ಅವಳದೇ ವಿಭಾಗದ ಮೇಷ್ಟ್ರಿಗೆ ಹೊರಗಿನ ಸಂಸ್ಥೆಯಿಂದ ಬಂದ ಪ್ರಾಜೆಕ್ಟ್. ಲ್ಯಾಬಿನಲ್ಲಿ ವಾರಕ್ಕೆ ಸುಮಾರು ಇಪ್ಪತ್ತು ಗಂಟೆ ಕೆಲಸ, ತಿಂಗಳಿಗೆ 6,000. ಅವಳ ಮನಸ್ಸು ಬೆಂಗಳೂರಿನ ಕಡೆಗೇ ವಾಲಿತ್ತು. 15 ಎಲ್ಲಿ, 6 ಎಲ್ಲಿ, ಅಲ್ವಾ?

ಲೆಕ್ಕ ಬರೆಸಿದೆ. ಮೂವರು ಇರುವ ಪಿಜಿ ಕೋಣೆಗೆ, ಬೆಳಗಿನ ತಿಂಡಿ ರಾತ್ರಿ ಊಟ ಸೇರಿ, ಅವಳು ವಿಚಾರಿಸಿದ ಕಡೆ 7,500. ಮಧ್ಯಾಹ್ನದ ಊಟ ಹೊರಗೆ, ದಿನಕ್ಕೆ 60ರಂತೆ 25 ದಿನಕ್ಕೆ 1,500. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ಫೋನು, ಸೋಪು, ಸಣ್ಣಪುಟ್ಟದ್ದಕ್ಕೆ 1,000. ಉಳಿಯುವುದು 5,000.

ಲ್ಯಾಬಿನ ಕೆಲಸದಲ್ಲಿ? ಹಾಸ್ಟೆಲ್‌ನಲ್ಲಿ ಊಟ, ವಸತಿ ಉಚಿತ. ಸಣ್ಣಪುಟ್ಟದ್ದಕ್ಕೆ ಅದೇ 1,000. ಉಳಿಯುವುದು 5,000.

ಅವಳು ಎರಡು ಸಲ ಕೂಡಿ ಕಳೆದಳು. ಆಮೇಲೆ ಸುಮ್ಮನೆ ನನ್ನ ಮುಖ ನೋಡಿದಳು.

"ಇನ್ನೂ ಒಂದಿದೆ, ನೋಡಮ್ಮಾ," ಅಂದೆ. ಪಿಜಿಗೆ ಸೇರುವ ದಿನ ಒಂದು ತಿಂಗಳ ಬಾಡಿಗೆ, ಅಷ್ಟೇ ಅಡ್ವಾನ್ಸ್, ಒಟ್ಟು 15,000 ಕೈಯಲ್ಲಿರಬೇಕು. ಮೊದಲ ಸ್ಟೈಪೆಂಡ್ ಬರುವುದು ಫೆಬ್ರವರಿ 7ಕ್ಕೆ. ಅಲ್ಲಿಯವರೆಗೆ ಊಟಕ್ಕೆ ಬೇರೆ ಬೇಕು. ಹಾಗಾದರೆ ಅಮ್ಮ ಮತ್ತೆ ಸಂಘಕ್ಕೆ ಹೋಗಬೇಕು. ವಾರ್ಡನ್ ಹತ್ತಿರ ಕೇಳಿ ಬಾ ಎಂದೂ ಕಳಿಸಿದೆ. ಸೀಟು ಬಿಟ್ಟರೆ ವಾಪಸ್ ಸಿಗುವ ಭರವಸೆ ಇಲ್ಲ ಎಂದರು.

ಕಂಪನಿಯವರು 10% ತೆರಿಗೆ ಹಿಡಿಯುತ್ತೇವೆ ಎಂದೂ ಹೇಳಿದ್ದರು. ಸ್ಟೈಪೆಂಡನ್ನು ಕೆಲವರು ವೃತ್ತಿ ಶುಲ್ಕದಂತೆ ನೋಡಿ ಹೀಗೆ ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಅದಕ್ಕೆ ವರ್ಷಕ್ಕೆ 50,000ದ ಮಿತಿ ಇದೆ, ಅದನ್ನು ದಾಟಿದರೆ ಮಾತ್ರ ಹಿಡಿಯಬೇಕು. ವರ್ಷ ಎಂದರೆ ಏಪ್ರಿಲ್‌ನಿಂದ ಮಾರ್ಚ್. ಇವಳ ಆರು ತಿಂಗಳು ಎರಡು ವರ್ಷಗಳಿಗೆ ಹಂಚಿಹೋಗುತ್ತದೆ, ಎರಡರಲ್ಲೂ 45,000 ಮಾತ್ರ. ಇದನ್ನು ಮೇಲ್‌ನಲ್ಲಿ ಕೇಳಿದಾಗ ಹಿಡಿಯುವುದಿಲ್ಲ ಎಂದು ಒಪ್ಪಿದರು. ಒಂದು ವೇಳೆ ಹಿಡಿದಿದ್ದರೂ, ಇಷ್ಟು ಕಡಿಮೆ ಆದಾಯದವರಿಗೆ ರಿಟರ್ನ್ ಸಲ್ಲಿಸಿದರೆ ಆ ಹಣ ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ, ಅದಕ್ಕೇ ಪ್ಯಾನ್ ಮೊದಲು ಮಾಡಿಸು ಎಂದೆ.

ದುಡ್ಡು ಸಮ ಎಂದಮೇಲೆ ಬೇರೆಯದನ್ನು ತೂಗಬೇಕಾಯಿತು. ಕಂಪನಿಯಲ್ಲಿ ಮುಂದೆ ಕೆಲಸ ಸಿಗಬಹುದು. "ಕೊಡುತ್ತೇವೆ ಅಂತ ಪತ್ರದಲ್ಲಿ ಇದೆಯಾ?" ಎಂದು ಕೇಳಿದೆ. ಇರಲಿಲ್ಲ. ಹೋದ ವರ್ಷದ ಇಂಟರ್ನ್‌ಗಳಲ್ಲಿ ಎಷ್ಟು ಜನರನ್ನು ಉಳಿಸಿಕೊಂಡಿರಿ ಎಂದು ವಿಚಾರಿಸಲು ಹೇಳಿದೆ. ಆರು ಜನರಲ್ಲಿ ಒಬ್ಬರು ಎಂದರಂತೆ. ಅವರು ಪ್ರಾಮಾಣಿಕವಾಗಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಅದು ಆರರಲ್ಲಿ ನಾಲ್ಕು ಆಗಿದ್ದರೆ ಹೇಗಾದರೂ ಅಡ್ವಾನ್ಸ್ ಹೊಂದಿಸಿಕೊಂಡು ಹೋಗು ಎಂದೇ ಹೇಳುತ್ತಿದ್ದೆ.

ಮೇಷ್ಟ್ರ ಹತ್ತಿರ ದುಡ್ಡಿನ ಮಾತು ಎತ್ತಲು ಅವಳಿಗೆ ಬಹಳ ಸಂಕೋಚ. "ಸರ್ ಏನಂದ್ಕೋತಾರೋ." ಆದರೆ ಕೇಳದೆ ಒಪ್ಪಬಾರದಿತ್ತು. ಇಂಥ ಪ್ರಾಜೆಕ್ಟ್‌ಗಳಲ್ಲಿ ಉಪಕರಣಕ್ಕೆ ಬೇರೆ, ಕೆಲಸಗಾರರಿಗೆ ಬೇರೆ ಎಂದು ಹಣ ಮಂಜೂರಾಗಿರುತ್ತದೆ. ವಿದ್ಯಾರ್ಥಿಗೆ ಕೊಡಲು ಹಣ ಇಟ್ಟಿಲ್ಲದಿದ್ದರೆ ಮೇಷ್ಟ್ರಿಗೆ ಮನಸ್ಸಿದ್ದರೂ ಕೊಡಲಾಗದು. ಏನು ಕೇಳಬೇಕೆಂದು ಇಬ್ಬರೂ ಕೂತು ಬರೆದೆವು: "ಸರ್, ಮನೆಯಲ್ಲಿ ತೊಂದರೆ ಇದೆ, ಈ ದುಡ್ಡನ್ನು ನಂಬಿಕೊಂಡಿದ್ದೇನೆ. ಇದು ಮಂಜೂರಾಗಿದೆಯಾ? ಪ್ರಿನ್ಸಿಪಾಲರ ಆದೇಶ ಸಿಗುತ್ತಾ? ಇದನ್ನೇ ಇಂಟರ್ನ್‌ಶಿಪ್ ಎಂದು ಒಪ್ಪುತ್ತಾರಾ?" ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಹಣ ಮಂಜೂರಾಗಿತ್ತು. ಸಂಶೋಧನಾ ಇಂಟರ್ನ್‌ಶಿಪ್ ಎಂದು ವಿಭಾಗ ಬರೆದುಕೊಟ್ಟಿತು. ಅವಳು ಲ್ಯಾಬ್ ಆರಿಸಿಕೊಂಡಳು.

ನನ್ನ ಸಲಹೆಯಲ್ಲಿ ಒಂದು ಕೊರತೆಯಿತ್ತು. ಮಂಜೂರಾದ ಹಣದ ಮುಂದಿನ ಕಂತು ಕಾಲೇಜಿಗೆ ಯಾವಾಗ ಬರುತ್ತದೆ ಎಂದು ಕೇಳಿಸಲಿಲ್ಲ. ಹಿಂದಿನ ವರ್ಷದ ಖರ್ಚಿನ ಪತ್ರ ಹೋಗುವವರೆಗೆ ಆ ಕಂತು ಬರುವುದಿಲ್ಲ. ಜನವರಿ, ಫೆಬ್ರವರಿಯ 12,000 ಒಟ್ಟಿಗೆ ಬಂದದ್ದು ಮಾರ್ಚ್ ಮೂರನೇ ವಾರ. ಆ ಎರಡು ತಿಂಗಳು ಅಮ್ಮ ಸಂಘದ ಕಂತನ್ನು ತಮ್ಮ ಅಕ್ಕನ ಕೈಯಿಂದ ದುಡ್ಡು ಇಸಿದುಕೊಂಡು ಕಟ್ಟಿದರು. ಹುಡುಗಿ ನನ್ನನ್ನು ದೂರಲಿಲ್ಲ. ನನಗೆ ಮಾತ್ರ ಅದು ಬಹಳ ದಿನ ಕೊರೆಯಿತು. ಈಗ ಯಾರೇ ಬಂದರೂ ಎಷ್ಟು ದುಡ್ಡು ಎಂದು ಕೇಳುವ ಮೊದಲು ಮೊದಲ ದುಡ್ಡು ಯಾವ ತಾರೀಖಿಗೆ ಎಂದು ಕೇಳುತ್ತೇನೆ.

ಏಪ್ರಿಲ್‌ನಿಂದ ಹಣ ತಡವಾಗಲಿಲ್ಲ. ಜೂನ್‌ನ ಸ್ಟೈಪೆಂಡ್ ಮಾತ್ರ ಉಳಿದಿತ್ತು. ಕಾಲೇಜು ಬಿಡುವ ವಾರ ಅವಳು ಬಂದಾಗ, ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಬರೆದು ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಹೋಗು ಎಂದೆ. ಅರ್ಜಿ ಆಗಲೇ ಅವಳ ನೋಟ್‌ಬುಕ್ಕಿನೊಳಗೆ ಇತ್ತು, ಸೀಲ್ ಸಮೇತ.