ಅರೆಸ್ಟ್ ಆದ್ಮೇಲೆ ರಿಮಾಂಡ್, ಬೇಲ್ ಹೇಗೆ?

ಪ್ರಶ್ನೆ: ಶನಿವಾರ ಸಂಜೆ ಅರೆಸ್ಟ್ ಮಾಡಿದ್ರೆ ಸೋಮವಾರದವರೆಗೆ ಸ್ಟೇಷನ್‌ನಲ್ಲೇ ಇಡ್ಬಹುದಾ? ಬೇಲ್ ಯಾವಾಗ?

ಇಲ್ಲ ಮಾರಾಯ್ರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಎದುರು ಹಾಜರು ಮಾಡ್ಲೇಬೇಕು, ಭಾನುವಾರ ಆದ್ರೆ ಅವರ ಮನೆಗೇ ಕರ್ಕೊಂಡು ಹೋಗ್ತಾರೆ, ಯಾಕಂದ್ರೆ ಅದಕ್ಕಿಂತ ಹೆಚ್ಚು ಹೊತ್ತು ಇಟ್ಕೊಳ್ಲಿಕ್ಕೆ ಮ್ಯಾಜಿಸ್ಟ್ರೇಟ್ ಆರ್ಡರ್ ಬೇಕು, ಅದೇ ರಿಮಾಂಡ್.

ಉಡುಪಿಲಿ ಬೈಕ್ ಕದ್ದ ಕೇಸ್ ಅಂತ ಇಟ್ಕೊಳ್ಳಿ. ಪೊಲೀಸ್ ಕಸ್ಟಡಿ ಒಟ್ಟು 15 ದಿನಕ್ಕಿಂತ ಜಾಸ್ತಿ ಸಿಗುದಿಲ್ಲ, ಉಳಿದದ್ದು ನ್ಯಾಯಾಂಗ ಬಂಧನ, ಅಂದ್ರೆ ಹಿರಿಯಡ್ಕ ಜೈಲು. ಬೇಲ್ ಅರ್ಜಿ ಮೊದಲ ದಿನವೇ ಹಾಕ್ಬಹುದು, ಕೊಡುದು ಬಿಡುದು ಕೋರ್ಟಿಗೆ ಬಿಟ್ಟದ್ದು. ಆದ್ರೆ ಮೊದಲ ರಿಮಾಂಡಿಂದ 60 ದಿನದಲ್ಲಿ ಚಾರ್ಜ್‌ಶೀಟ್ ಬರ್ಲಿಲ್ಲಾಂದ್ರೆ (ಕೊಲೆಯಂಥ ಕೇಸಿಗೆ 90) ಬೇಲ್ ಹಕ್ಕಾಗ್ತದೆ. ಅದೂ ತನ್ನಷ್ಟಕ್ಕೆ ಸಿಗುದಿಲ್ಲ, 61ನೇ ದಿನ ಬೆಳಿಗ್ಗೆಯೇ ಅರ್ಜಿ ಹಾಕಿ, ಅದಕ್ಕೂ ಮೊದಲು ಚಾರ್ಜ್‌ಶೀಟ್ ಬಂದ್ರೆ ಆ ಹಕ್ಕು ಹೋಯ್ತು.