ಮಗಳನ್ನು ಓದಿನಲ್ಲಿ ಕೆಳಗಿನ ಗುಂಪಿಗೆ ಯಾಕೆ ಹಾಕಿದ್ದಾರೆ?

*"ನನ್ನ ಮಗಳು 4ನೇ ತರಗತಿ, ಕನ್ನಡ ಮಾಧ್ಯಮ. ಮನೆಯಲ್ಲಿ ಕನ್ನಡ ಪುಸ್ತಕ ಪಟಪಟ ಓದ್ತಾಳೆ. ಆದರೆ ಶಾಲೆಯಲ್ಲಿ ಓದಿಸಿ ನೋಡಿ 'ಪದ' ಗುಂಪಿಗೆ ಹಾಕಿದ್ದಾರೆ. ಅವಳ ಗೆಳತಿಯರೆಲ್ಲ 'ಕಥೆ' ಗುಂಪಿನಲ್ಲಿದ್ದಾರೆ. ಯಾಕೆ ಹೀಗೆ?"*

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಈ ಗುಂಪು ಮಾಡುವ ಕೆಲಸ ಪ್ರತಿ ವರ್ಷ ನನ್ನ ತಲೆ ಮೇಲೇ ಬೀಳುತ್ತದೆ. ಹೆಚ್ಚಿನ ಸಲ ಕಾರಣ ಒಂದೇ: ಒತ್ತಕ್ಷರ. ನಿಮ್ಮ ಮಗಳದೂ ಅದೇ ಇರಬಹುದು ಅಂತ ನನ್ನ ಅಂದಾಜು.

ಮೊದಲು ಪರೀಕ್ಷೆ ಹೇಗೆ ನಡೆಯುತ್ತೆ ಹೇಳ್ತೀನಿ. ಅಕ್ಷರ, ಪದ, ಪ್ಯಾರಾ, ಕಥೆ ಅನ್ನುವ ಈ ಮಟ್ಟಗಳು 'ಪ್ರಥಮ್' ಸಂಸ್ಥೆಯ 'ಅಸರ್' ಸಮೀಕ್ಷೆಯಿಂದ ಬಂದವು. ಮಗುವನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮೊದಲು ನಾಲ್ಕು ಸಾಲಿನ ಪ್ಯಾರಾ ಓದಿಸುತ್ತೇವೆ. ಸರಾಗವಾಗಿ ಓದಿದರೆ ಕಥೆ ಕೊಡುತ್ತೇವೆ. ಮೂರಕ್ಕಿಂತ ಜಾಸ್ತಿ ತಪ್ಪಾದರೆ, ಇಲ್ಲವೇ ವಾಕ್ಯವನ್ನು ಬಿಡಿಬಿಡಿ ಪದಗಳ ಹಾಗೆ ಎಳೆದು ಓದಿದರೆ, ಪದಗಳ ಪಟ್ಟಿಗೆ ಇಳಿಯುತ್ತೇವೆ. ಐದು ಪದದಲ್ಲಿ ನಾಲ್ಕು ಸರಿ ಇದ್ದರೆ ಆ ಮಗು 'ಪದ' ಮಟ್ಟದ್ದು. ಅಷ್ಟೇ. ಜಾಣತನ, ನೆನಪಿನ ಶಕ್ತಿ, ಮಾತುಗಾರಿಕೆ ಯಾವುದೂ ಲೆಕ್ಕಕ್ಕಿಲ್ಲ.

ಹೋದ ವರ್ಷ ನನ್ನ ತರಗತಿಯ ಒಬ್ಬ ಹುಡುಗಿಯ ಅಪ್ಪ ಇದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದರು. ಕೈಯಲ್ಲಿ ಪಠ್ಯಪುಸ್ತಕ. "ಇಲ್ಲೇ ಓದಿಸಿ ನೋಡಿ ಸಾರ್" ಅಂದರು. ಅವಳು ಪಾಠ ತೆಗೆದು ಒಂದೂ ತಪ್ಪಿಲ್ಲದೆ ಓದಿದಳು. ಅಪ್ಪ ನನ್ನ ಮುಖ ನೋಡಿದರು. ನಾನು ಅವಳಿಗೆ, "ಈಗ ಕೊನೇ ಸಾಲಿನ ಕೊನೇ ಪದದಿಂದ ಹಿಂದಕ್ಕೆ ಓದಮ್ಮ" ಅಂದೆ. ಎರಡನೇ ಪದಕ್ಕೇ ನಿಂತಳು. ಆ ಪಾಠವನ್ನು ಇಡೀ ತರಗತಿ ಒಟ್ಟಿಗೆ ಗಟ್ಟಿಯಾಗಿ ಎಷ್ಟು ಸಲ ಓದಿತ್ತೋ. ಅವಳ ಕಣ್ಣು ಪುಟದ ಮೇಲೆ ಇತ್ತು, ಓದುತ್ತಿದ್ದದ್ದು ನೆನಪಿನಿಂದ. ಇದು ಮೋಸವಲ್ಲ, ಅವಳಿಗೂ ಅದು ಗೊತ್ತಿರಲಿಲ್ಲ.

ಆಮೇಲೆ ಅವಳ ಪರೀಕ್ಷೆಯ ಹಾಳೆ ತೆಗೆದು ತೋರಿಸಿದೆ. ಪ್ಯಾರಾ ಇದು:

ನಿನ್ನೆ ಅಜ್ಜಿ ಸಂತೆಗೆ ಹೋದಳು. ಬುಟ್ಟಿ ತುಂಬ ಸೊಪ್ಪು ತಂದಳು. ಕರುವಿಗೆ ಸ್ವಲ್ಪ ಸೊಪ್ಪು ಕೊಟ್ಟಳು. ಕರು ಸಂತೋಷದಿಂದ ತಿಂದಿತು.

ಮಗು ಏನು ಓದುತ್ತದೋ ಅದನ್ನು ಪದದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಅವಳು ಓದಿದ್ದು: ನಿನೆ, ಬುಟಿ, ಸೊಪು, ಸಲಪ, ಮತ್ತೆ ಸೊಪು, ಕೊಟಳು. ಹದಿನೈದು ಪದದಲ್ಲಿ ಆರು ತಪ್ಪು. ಆರೂ ಒತ್ತಕ್ಷರದಲ್ಲೇ! 'ಅಜ್ಜಿ' ಮಾತ್ರ ಸರಿ ಬಂತು, ಆ ಪದವನ್ನು ಇಡಿಯಾಗಿ ನೋಡಿ ನೋಡಿ ಗುರುತು ಹಿಡಿದಿದ್ದಳು. 'ಕರುವಿಗೆ', 'ಸಂತೋಷದಿಂದ' ಇವೆರಡೂ ನೋಡೋಕೆ ಉದ್ದ, ಆದರೆ ತಡವರಿಸಲಿಲ್ಲ. ಅಂದರೆ ಕಾಗುಣಿತ ಗಟ್ಟಿ ಇದೆ, ಸೊನ್ನೆ ಗೊತ್ತಿದೆ, ಒತ್ತು ಬಂದಾಗ ಅದನ್ನು ನೋಡದೆ ದಾಟಿಬಿಡುತ್ತಾಳೆ. ಪದದ ಪಟ್ಟಿ ಕೊಟ್ಟಾಗ ಐದಕ್ಕೆ ಐದೂ ಸರಿ. ಯಾಕಂದ್ರೆ ನಮ್ಮ ಹಾಳೆಯ ಆ ಪಟ್ಟಿಯಲ್ಲಿ ಒತ್ತಕ್ಷರವೇ ಇರಲಿಲ್ಲ. ಹಾಗಾಗಿ 'ಪದ' ಗುಂಪು.

ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ. ಇಂಗ್ಲಿಷ್‌ನಲ್ಲಿ 26 ಅಕ್ಷರ ಗುರುತಾದರೆ ಹೊಸ ಆಕಾರ ಕಲಿಯೋದು ಬಹುತೇಕ ಮುಗಿದ ಹಾಗೆ. ನಮ್ಮಲ್ಲಿ ಕಾಗುಣಿತ ಒಂದೇ ನಾನೂರರ ಮೇಲೆ ಹೋಗುತ್ತೆ, ಅದರ ಮೇಲೆ ಒತ್ತುಗಳು. ಮಕ್ಕಳು ಕನ್ನಡ ಓದು ಕಲಿಯುವ ಬಗ್ಗೆ ಸಂಶೋಧನೆ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲೇ ಬರೆದಿದ್ದಾರೆ, ಅಕ್ಷರ ಕಲಿಯೋದು ಒಂದನೇ ತರಗತಿಗೇ ಮುಗಿಯೋದಿಲ್ಲ, ಇನ್ನೂ ಕೆಲವು ವರ್ಷ ನಡೆಯುತ್ತಲೇ ಇರುತ್ತದೆ ಅಂತ. ಒತ್ತಿನಲ್ಲೂ ಎರಡು ಜಾತಿ ಇದೆ. 'ಅಕ್ಕ', 'ಬುಟ್ಟಿ', 'ಸೊಪ್ಪು' ಇವುಗಳಲ್ಲಿ ಕೆಳಗಿನದು ಮೂಲ ಅಕ್ಷರದ ಹಾಗೇ ಕಾಣುತ್ತದೆ, ತಲೆಕಟ್ಟು ಇರೋದಿಲ್ಲ ಅಷ್ಟೇ. ಆದರೆ 'ಕತ್ತೆ', 'ನಿನ್ನೆ', 'ಅಮ್ಮ', 'ಹಲ್ಲು' ನೋಡಿ. ತ, ನ, ಮ, ಲ ಒತ್ತುಗಳಿಗೂ ಅವುಗಳ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಯ, ರ ಕೂಡ ಹಾಗೇ. ಅರ್ಕಾವತ್ತಂತೂ ದೊಡ್ಡ ಕಾಟ. 'ಸೂರ್ಯ' ಬರೆದಾಗ ರ ಗುರುತು ಕೊನೆಗೆ ಕೂತಿರುತ್ತೆ, ಬಾಯಲ್ಲಿ ಮೊದಲು ಬರಬೇಕು. ಎಷ್ಟೋ ಮಕ್ಕಳು 'ಸೂಯ' ಅಂತ ಓದಿ ಮುಂದೆ ಹೋಗಿಬಿಡುತ್ತಾರೆ.

ಮನೆಯಲ್ಲಿ ನೀವೇ ನೋಡಬಹುದು. ಅವಳು ಯಾವತ್ತೂ ನೋಡಿರದ ಮಕ್ಕಳ ಕಥೆ ಪುಸ್ತಕ ತನ್ನಿ. ನಡುವಿನ ಯಾವುದೋ ಪುಟದ ನಾಲ್ಕು ಸಾಲು ಓದಿಸಿ. ಚಿತ್ರವನ್ನು ಕೈಯಿಂದ ಮುಚ್ಚಿ, ಇಲ್ಲದಿದ್ದರೆ ಚಿತ್ರ ನೋಡಿ ಊಹೆ ಮಾಡ್ತಾರೆ. ತಿದ್ದಬೇಡಿ. ಬಾಯಿಗೆ ಬಂದದ್ದನ್ನು ಬಂದ ಹಾಗೇ ಬರೆದುಕೊಳ್ಳಿ. ತಪ್ಪೆಲ್ಲ ಒತ್ತಿನಲ್ಲೇ ಇದ್ದರೆ ವಿಷಯ ಸುಲಭ. ಹತ್ತು ಪುಟ ಓದಿಸೋದು ಬಿಡಿ, ಜೋಡಿ ಪದ ಬರೆದುಕೊಡಿ: ಕತೆ–ಕತ್ತೆ, ಹಳಿ–ಹಳ್ಳಿ, ಮಗ–ಮಗ್ಗ. ಎರಡನ್ನೂ ಓದಿ ಎರಡರ ಅರ್ಥವನ್ನೂ ಹೇಳಬೇಕು. "ಅಜ್ಜಿ ಕತ್ತೆ ಹೇಳಿದಳು" ಅಂತ ಒಮ್ಮೆ ಓದಿ ನಕ್ಕರೆ ಸಾಕು, ಒತ್ತು ಯಾಕೆ ಬೇಕು ಅಂತ ಗೊತ್ತಾಗಿಬಿಡುತ್ತೆ. ದಿನಾ ಹತ್ತು ನಿಮಿಷ ಸಾಕು. ಆ ಹುಡುಗಿ ಸುಮಾರು ಆರು ವಾರಕ್ಕೆ ಪ್ಯಾರಾ ಗುಂಪಿಗೆ ಬಂದಳು. ಅರ್ಕಾವತ್ತು ಮಾತ್ರ ಇನ್ನೂ ಎಡವುತ್ತಿತ್ತು.

ತಪ್ಪು ಒತ್ತಿನಲ್ಲಲ್ಲ, ಬಿಡಿ ಅಕ್ಷರದಲ್ಲೇ ಅಂತಾದರೆ (ಪ, ವ, ಮ ಅದಲುಬದಲು, ಅಥವಾ ಸಾಲೇ ತಪ್ಪುವುದು) ಮೊದಲು ಕಣ್ಣು ತೋರಿಸಿ. ಕಣ್ಣು ಸರಿ ಇದ್ದು, ಕೆಲವು ತಿಂಗಳು ಕಲಿಸಿದರೂ ಹಾಗೇ ಇದ್ದರೆ ಮಕ್ಕಳ ಕಲಿಕೆಯ ತೊಂದರೆ ನೋಡುವವರ ಹತ್ತಿರ ಕರೆದುಕೊಂಡು ಹೋಗಬೇಕು. ಅದನ್ನು ಜೋಡಿ ಪದ ಸರಿ ಮಾಡೋದಿಲ್ಲ.

ಪರೀಕ್ಷೆ ಮಾಡುವವರೂ ತಪ್ಪುತ್ತಾರೆ. ನಾನೇ ಒಮ್ಮೆ ಒಬ್ಬ ಹುಡುಗನನ್ನು 'ಅಕ್ಷರ' ಗುಂಪಿಗೆ ಹಾಕಿದ್ದೆ. ಪ್ಯಾರಾ ಕೊಟ್ಟರೆ ಬಾಯೇ ಬಿಡಲಿಲ್ಲ. ಅವನಿಗೆ ಮಾತು ತೊದಲುತ್ತಿತ್ತು, ಪಕ್ಕದ ಬೆಂಚಿನವರು ಕೇಳಿಸಿಕೊಳ್ಳುತ್ತಾರೆ ಅಂತ ಸುಮ್ಮನಿದ್ದ. ಎರಡು ವಾರದ ನಂತರ ಗ್ರಂಥಾಲಯದ ಮೂಲೆಯಲ್ಲಿ ಒಬ್ಬನೇ ಕೂತು ಕಥೆ ಪುಸ್ತಕ ಓದಿ ತನ್ನಷ್ಟಕ್ಕೆ ನಗುತ್ತಿದ್ದದ್ದು ಕಣ್ಣಿಗೆ ಬಿತ್ತು. ಆಮೇಲೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಉತ್ತರವನ್ನೂ ಬರೆದೇ ಕೊಟ್ಟ. ಎಲ್ಲಾ ಸರಿ.

ಹಾಗಾಗಿ ಟೀಚರ್ ಹತ್ತಿರ ಹೋದಾಗ "ಯಾಕೆ ಕೆಳಗೆ ಹಾಕಿದಿರಿ" ಅಂತ ಶುರು ಮಾಡಬೇಡಿ. "ಅವಳು ಓದಿದ ಹಾಳೆ ತೋರಿಸ್ತೀರಾ, ಯಾವ ಪದ ತಪ್ಪಾಯ್ತು?" ಅಂತ ಕೇಳಿ. ಮತ್ತೆ ಯಾವಾಗ ಓದಿಸಿ ನೋಡ್ತೀರಿ ಅಂತಲೂ ಕೇಳಿ. ಒಂದೆರಡು ತಿಂಗಳಿಗೆ ಒಮ್ಮೆ ನೋಡಿ ಗುಂಪು ಬದಲಿಸುತ್ತಾರೆ ಅಂದರೆ ಚಿಂತೆ ಬೇಡ. "ವರ್ಷವಿಡೀ ಇದೇ ಗುಂಪು" ಅನ್ನುವ ಉತ್ತರ ಬಂದರೆ ಆಗ ಜಗಳ ಆಡಿ, ನ್ಯಾಯ ನಿಮ್ಮ ಕಡೆ ಇದೆ.